ಖಾಲಿ ಚೀಲ ಕಂಡರೆ 14 ದಿನ ಕಾಯುವುದೇಕೆ?

ಸ್ಕ್ಯಾನ್ ವರದಿಯ ಕೊನೆಯ ಸಾಲನ್ನು ಹೆಚ್ಚಿನವರು ಅರ್ಧವೇ ಓದುತ್ತಾರೆ. ಅಲ್ಲಿ ಮೊದಲು ಒಂದು ಪ್ರಶ್ನಾರ್ಥಕ ಚಿಹ್ನೆ ಇರುತ್ತದೆ. ಅದರ ಪಕ್ಕದಲ್ಲಿ ‘ಬ್ಲೈಟೆಡ್ ಓವಮ್’ ಎಂಬ ಎರಡು ಪದ, ಕೆಳಗೆ ಎರಡು ವಾರ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿಸಿ ಎಂಬ ಸೂಚನೆ. ಉಪ್ಪಿನಬೆಟಗೇರಿಯಿಂದ ಧಾರವಾಡಕ್ಕೆ ಬಂದ ಹೆಣ್ಣುಮಗಳು ಸಂಜೆ ಬಸ್ಸು ಹತ್ತಿ ಊರು ಮುಟ್ಟುವಷ್ಟರಲ್ಲಿ ಆ ಪ್ರಶ್ನಾರ್ಥಕ ಚಿಹ್ನೆ ಎಲ್ಲೋ ಬಿದ್ದುಹೋಗಿರುತ್ತದೆ. ಮನೆಯಲ್ಲಿ ಉಳಿಯುವ ಮಾತು ಒಂದೇ: “ಚೀಲ ಐತಂತ, ಕೂಸಿಲ್ಲಂತ.” ಮರುದಿನ ಅತ್ತೆಯೋ ಅತ್ತಿಗೆಯೋ ಜೊತೆಗೆ ಬಂದು, “ಬಾಯಾರ, ಇವತ್ತ ಕ್ಲೀನ್ ಮಾಡಿಬಿಡ್ರಿ, ಇಟ್ಟಕೊಂಡ್ರ ನಂಜಾಗತೈತಿ” ಎನ್ನುತ್ತಾರೆ.

ನಂಜಿನ ಭಯ ನನಗೆ ಅರ್ಥವಾಗುತ್ತದೆ. ಆದರೆ ಆ ದಿನವೇ ಕ್ಲೀನ್ ಮಾಡುವುದು ಹೆಚ್ಚಿನ ಸಲ ತಪ್ಪು. ಯಾಕೆ ತಪ್ಪು ಎಂಬುದಕ್ಕೆ ಮಿಲಿಮೀಟರಿನ ಲೆಕ್ಕದ ಉತ್ತರ ಇದೆ.

ಮೊದಲು, ಸ್ಕ್ಯಾನಿನಲ್ಲಿ ಕಾಣುವುದು ಏನು? ಬಸಿರು ನಿಂತ ಆರಂಭದಲ್ಲಿ ಗರ್ಭಕೋಶದ ಒಳಪದರದ ಮಧ್ಯೆ ಒಂದು ಕಪ್ಪು ಗುಂಡು ಮಚ್ಚೆ, ಅದರ ಸುತ್ತ ಬೆಳ್ಳನೆಯ ದಪ್ಪ ಅಂಚು ಕಾಣುತ್ತದೆ. ಕಪ್ಪಗಿರುವುದು ನೀರು, ಬೆಳ್ಳಗಿರುವುದು ಮುಂದೆ ಮಾಸು ಆಗಬೇಕಾದ ಪದರ. ಇದೇ ಗರ್ಭಚೀಲ. ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿದರೆ ಸುಮಾರು 5 ವಾರಕ್ಕೆ ಇದು ಎರಡು-ಮೂರು ಮಿಲಿಮೀಟರ್ ಗಾತ್ರದಲ್ಲಿ ಕಾಣಿಸಿಕೊಳ್ಳುತ್ತದೆ. ಇನ್ನು ಮೂರು-ನಾಲ್ಕು ದಿನ ಕಳೆದರೆ ಚೀಲದೊಳಗೆ ಪುಟ್ಟ ಬಳೆಯಂಥ ಒಂದು ಉಂಗುರ ಮೂಡುತ್ತದೆ. ಅದು ಯೋಕ್ ಸ್ಯಾಕ್, ಅಂದರೆ ಭ್ರೂಣಕ್ಕೆ ಆರಂಭದ ಆಹಾರ ಒದಗಿಸುವ ಸಣ್ಣ ಚೀಲ. 6 ವಾರದ ಆಸುಪಾಸಿಗೆ ಆ ಉಂಗುರದ ಮಗ್ಗುಲಲ್ಲಿ ಭ್ರೂಣ, ಅದರಲ್ಲಿ ಮಿನುಗುವ ಹೃದಯ. ಇವು ಒಂದರ ಹಿಂದೆ ಒಂದು, ಬಹುಮಟ್ಟಿಗೆ ಇದೇ ಕ್ರಮದಲ್ಲಿ ಬರುತ್ತವೆ.

ಚೀಲ ಬಂದು, ಬೆಳೆದು, ಒಳಗೆ ಭ್ರೂಣ ಕಾಣದೇ ಹೋದರೆ ಅದು ಬ್ಲೈಟೆಡ್ ಓವಮ್. ಶೇಂಗಾ ಬೆಳೆಯುವ ಸೀಮೆಯವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ: ಕಾಯಿ ಪೂರ್ತಿ ಬಲಿತಿರುತ್ತದೆ, ಸುಲಿದರೆ ಜೊಳ್ಳು.

ಆದರೆ 5 ವಾರದಲ್ಲಿ ಪ್ರತಿ ಆರೋಗ್ಯವಂತ ಬಸಿರಿನ ಚೀಲವೂ ಖಾಲಿಯೇ. ತೊಡಕು ಇಲ್ಲಿಂದಲೇ ಶುರು. ಖಾಲಿ ಚೀಲ ಕಂಡಾಗ ಅದು ಕೆಟ್ಟ ಬಸಿರೋ ಎಳೆಯ ಬಸಿರೋ ಎಂದು ಒಂದೇ ಚಿತ್ರದಿಂದ ತಿಳಿಯುವುದಿಲ್ಲ, ದಿನದ ಲೆಕ್ಕ ಖಚಿತವಾಗಿದ್ದರೆ ಮಾತ್ರ ಊಹಿಸಬಹುದು. ಆ ಲೆಕ್ಕವೇ ನಮ್ಮಲ್ಲಿ ಸಡಿಲ. “ಪಂಚಮಿಗೆ ತವರಿಗೆ ಹೋದಾಗ ಆಗಿದ್ದೆರೀ” ಎನ್ನುವವರು ಇದ್ದಾರೆ, “ಅಮಾಸಿ ಹಿಂದೋ ಮುಂದೋ” ಎನ್ನುವವರೂ ಇದ್ದಾರೆ. ತಾರೀಖು ಸರಿಯಾಗಿ ನೆನಪಿದ್ದರೂ, ಮುಟ್ಟು 40 ದಿನಕ್ಕೊಮ್ಮೆ ಆಗುವವರಿಗೆ ಅಂಡ ಬಿಡುಗಡೆಯಾಗುವುದೇ ತಡ. ಮೊಲೆಯುಣಿಸುತ್ತಿರುವಾಗಲೇ ಬಸಿರಾದವರಿಗೆ, ಗರ್ಭನಿರೋಧಕ ಗುಳಿಗೆ ನಿಲ್ಲಿಸಿದ ಕೂಡಲೇ ಬಸಿರಾದವರಿಗೆ ಎಣಿಸಲು ನಂಬುವಂಥ ಮುಟ್ಟೇ ಇರುವುದಿಲ್ಲ. ತಾಯಿ ಕಾರ್ಡಿನಲ್ಲಿ 8 ವಾರ ಎಂದು ಬರೆದಿದ್ದರೂ ಹೊಟ್ಟೆಯಲ್ಲಿ ಬೆಳೆದದ್ದು 6 ವಾರದ್ದೇ ಇರಬಹುದು.

ಆದ್ದರಿಂದ ಸ್ಕ್ಯಾನ್ ಮಾಡುವ ವೈದ್ಯರು ಮುಟ್ಟಿನ ದಿನವನ್ನು ಪಕ್ಕಕ್ಕಿಟ್ಟು ಚೀಲವನ್ನೇ ಅಳೆಯುತ್ತಾರೆ. ಉದ್ದ, ಅಗಲ, ಎತ್ತರ ಮೂರನ್ನೂ ಮಿಲಿಮೀಟರಿನಲ್ಲಿ ತೆಗೆದು, ಕೂಡಿಸಿ, ಮೂರರಿಂದ ಭಾಗಿಸುತ್ತಾರೆ. ಬಂದ ಸಂಖ್ಯೆಗೆ ಚೀಲದ ಸರಾಸರಿ ವ್ಯಾಸ ಎಂದು ಹೆಸರು. ವರದಿಯಲ್ಲಿ ‘ಎಂಎಸ್‌ಡಿ’ ಎಂದಿರುತ್ತದೆ. ಇದಕ್ಕೆ 30 ಕೂಡಿಸಿದರೆ ಬಸಿರಿನ ದಿನಗಳು ಅಂದಾಜಿಗೆ ಸಿಗುತ್ತವೆ ಎಂಬುದು ಹಳೆಯ, ಉಪಯುಕ್ತ ಲೆಕ್ಕ. ಚೀಲ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ ಎಂಬ ನಂಬಿಕೆಯ ಮೇಲೆ ಅದು ನಿಂತಿದೆ.

ಒಂದು ಉದಾಹರಣೆಯನ್ನು ಪೂರ್ತಿ ನೋಡೋಣ. ಇದು ಯಾರೊಬ್ಬರ ಕಥೆಯೂ ಅಲ್ಲ, ಆದರೆ ಇಂಥವರನ್ನು ನಮ್ಮ ಭಾಗದ ಪ್ರತಿ ಹೆರಿಗೆ ವೈದ್ಯರೂ ನೋಡಿರುತ್ತಾರೆ. ಒಬ್ಬಾಕೆಗೆ ಪಂಚಮಿಯ ದಿನ ಮುಟ್ಟಾಗಿತ್ತು. ಆಮೇಲೆ ಆಗಲಿಲ್ಲ. ಮನೆಯಲ್ಲೇ ಪಟ್ಟಿ ಹಾಕಿ ನೋಡಿದಾಗ ಎರಡು ಗೆರೆ ಬಂತು. ವಾಕರಿಕೆ ಇತ್ತು, ಒಗ್ಗರಣೆಯ ವಾಸನೆ ಆಗುತ್ತಿರಲಿಲ್ಲ. ದಸರೆಯ ಹೊತ್ತಿಗೆ, ಅಂದರೆ 58ನೇ ದಿನ, ಆಶಾ ಕಾರ್ಯಕರ್ತೆಯ ಜೊತೆ ಧಾರವಾಡಕ್ಕೆ ಬಂದು ಸ್ಕ್ಯಾನ್ ಮಾಡಿಸಿದಳು. ಹೊಟ್ಟೆಯ ಮೇಲಿನಿಂದ ನೋಡಿದ ಆ ಸ್ಕ್ಯಾನಿನಲ್ಲಿ ಚೀಲದ ಅಳತೆ 24, 18, 12 ಮಿಲಿಮೀಟರ್. ಕೂಡಿಸಿದರೆ 54, ಸರಾಸರಿ 18. ಒಳಗೆ ಉಂಗುರವಿಲ್ಲ, ಭ್ರೂಣವಿಲ್ಲ. 18ಕ್ಕೆ 30 ಕೂಡಿಸಿದರೆ 48 ದಿನದ ಬಸಿರು. ಮುಟ್ಟಿನ ಲೆಕ್ಕಕ್ಕೂ ಚೀಲದ ಲೆಕ್ಕಕ್ಕೂ 10 ದಿನದ ಅಂತರ.

ಈ 10 ದಿನ ಎರಡು ಬಗೆಯಲ್ಲಿ ಕಳೆದಿರಬಹುದು. ಅಂಡ ತಡವಾಗಿ ಬಿಡುಗಡೆಯಾಗಿ ಬಸಿರು ನಿಜಕ್ಕೂ ಎಳೆಯದಿರಬಹುದು. ಇಲ್ಲವೇ ಬೆಳವಣಿಗೆ ಒಳಗೇ ನಿಂತಿರಬಹುದು. 18 ಮಿಲಿಮೀಟರಿನ ಚೀಲದಲ್ಲಿ ಸಾಮಾನ್ಯವಾಗಿ ಭ್ರೂಣ ಕಾಣಬೇಕು, ಹಾಗಾಗಿ ಅನುಮಾನ ಬಲವಾಗಿದೆ. ಆದರೂ ಅದು ಅನುಮಾನವೇ. ಹೊಟ್ಟೆಯ ಮೇಲಿನ ಸ್ಕ್ಯಾನಿಗೆ ಸಣ್ಣ ವಸ್ತು ಕೆಲವು ದಿನ ತಡವಾಗಿ ಕಾಣುತ್ತದೆ. ಗರ್ಭಕೋಶ ಹಿಂದಕ್ಕೆ ವಾಲಿದ್ದರೆ, ಹೊಟ್ಟೆಯಲ್ಲಿ ಬೊಜ್ಜಿದ್ದರೆ, ಮೂತ್ರಕೋಶ ತುಂಬಿರದಿದ್ದರೆ ಇನ್ನೂ ತಡ. ಇಂಥ ಕಡೆ ಯೋನಿಯ ಮೂಲಕ ಮಾಡುವ ಸ್ಕ್ಯಾನ್ ಬೇಕು. ಅದಕ್ಕೆ ನೀರು ಕುಡಿದು ಕಾಯಬೇಕಿಲ್ಲ, ಬದಲಿಗೆ ಮೂತ್ರ ಮಾಡಿ ಬರಬೇಕು. ಬೆರಳಿಗಿಂತ ತುಸು ದಪ್ಪನೆಯ ಪ್ರೋಬಿಗೆ ಹೊದಿಕೆ ಹಾಕಿ ನೋಡುತ್ತಾರೆ, ಐದಾರು ನಿಮಿಷದ ಕೆಲಸ. ಬಸಿರಿಗೆ ಅದರಿಂದ ಪೆಟ್ಟಿಲ್ಲ, ರಕ್ತ ಬೀಳುತ್ತಿದ್ದರೂ ಮಾಡಬಹುದು. ನಾಚಿಕೆಯಿಂದ ಬೇಡವೆನ್ನುವವರು ಬಹಳ. ಹೇಳದೆ ಕೇಳದೆ ಶುರುಮಾಡುವ ನಮ್ಮವರ ಅವಸರವೂ ಅದಕ್ಕೆ ಅರ್ಧ ಕಾರಣ ಎಂದು ನನ್ನ ಅನಿಸಿಕೆ.

ಉದಾಹರಣೆಯ ಹೆಣ್ಣುಮಗಳಿಗೆ ವೈದ್ಯರು ಏನೂ ಮಾಡದೆ 14 ದಿನ ಬಿಟ್ಟು ಬರಹೇಳಿದರು. ದೀಪಾವಳಿಗೆ ಮುಂಚೆ ಅವಳು ಮತ್ತೆ ಬಂದಾಗ ಒಳಗಿನ ಸ್ಕ್ಯಾನ್ ಮಾಡಿದರು. ಅಳತೆ 30, 27, 24. ಸರಾಸರಿ 27. ಒಳಗೆ ಏನೂ ಇಲ್ಲ. ಬಸಿರು ಎಳೆಯದಾಗಿದ್ದು ಚೆನ್ನಾಗಿ ಬೆಳೆದಿದ್ದರೆ, ಚೀಲದ ಲೆಕ್ಕದಲ್ಲಿ ಆ ಹೊತ್ತಿಗೆ ಅದು 62 ದಿನದ್ದಾಗಿ, ಎರಡು ಸೆಂಟಿಮೀಟರಿಗೂ ಮಿಕ್ಕಿದ ಭ್ರೂಣ, ಎದೆಬಡಿತ ಸಮೇತ ಎದ್ದು ಕಾಣಬೇಕಿತ್ತು. ಈಗ ಅನುಮಾನಕ್ಕೆ ಜಾಗವಿಲ್ಲ. ಇದೇ ಕಥೆಯಲ್ಲಿ ಎರಡನೇ ಸ್ಕ್ಯಾನಿಗೆ ಹೃದಯ ಮಿನುಗುವ ಭ್ರೂಣ ಕಂಡಿದ್ದರೆ ಅದೂ ಆಶ್ಚರ್ಯವಾಗುತ್ತಿರಲಿಲ್ಲ. ಆ ಸಾಧ್ಯತೆಗಾಗಿಯೇ 14 ದಿನ ಕಾದದ್ದು.

ಕಾಯುವ ಈ ನಿಯಮ ಯಾರೋ ಸುಮ್ಮನೆ ಮಾಡಿದ್ದಲ್ಲ. ಅಮೆರಿಕದಲ್ಲಿ ಬಹುಕಾಲ 16 ಮಿಲಿಮೀಟರಿನ ಖಾಲಿ ಚೀಲ, ಬ್ರಿಟನ್ನಿನಲ್ಲಿ 20 ಮಿಲಿಮೀಟರಿನದು ಕಂಡರೆ ಸಾಕು, ಗರ್ಭಪಾತ ಎಂದು ತೀರ್ಮಾನಿಸುತ್ತಿದ್ದರು. 2011ರಲ್ಲಿ ಲಂಡನ್ನಿನ ಸಂಶೋಧಕರು, ಮೊದಲ ಸ್ಕ್ಯಾನಿನಲ್ಲಿ ಸ್ಪಷ್ಟವಾಗದ ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಹಿಂಬಾಲಿಸಿ ನೋಡಿದರು. 16ರ ಗೆರೆ ಇಟ್ಟುಕೊಂಡರೆ ನೂರಕ್ಕೆ ನಾಲ್ಕಕ್ಕೂ ಹೆಚ್ಚು ಸಲ, 20ರ ಗೆರೆ ಇಟ್ಟುಕೊಂಡರೆ ಇನ್ನೂರಕ್ಕೆ ಒಂದು ಸಲ, ಬದುಕಬಲ್ಲ ಬಸಿರನ್ನು ಸತ್ತಿದೆ ಎಂದು ಹೇಳಿದಂತಾಗುತ್ತಿತ್ತು. ಅದೇ ವರ್ಷದ ಇನ್ನೊಂದು ಅಧ್ಯಯನ ಅಳತೆಯನ್ನೇ ಪರೀಕ್ಷಿಸಿತು. ಒಬ್ಬರು 20 ಮಿಲಿಮೀಟರ್ ಎಂದು ಅಳೆದ ಚೀಲವನ್ನು ಇನ್ನೊಬ್ಬರು 16.8 ಎಂದೋ 24.5 ಎಂದೋ ಅಳೆಯಬಹುದು ಎಂಬುದು ಅಲ್ಲಿ ಕಂಡ ಸಂಗತಿ. ಇಬ್ಬರೂ ನುರಿತವರೇ, ಯಂತ್ರವೂ ಒಳ್ಳೆಯದೇ. ಮೆತ್ತನೆಯ, ಆಕಾರ ಬದಲಿಸುವ ಚೀಲದ ಮೇಲೆ ಎರಡು ಬಿಂದು ಇಟ್ಟು ಅಳೆಯುವಾಗ ಅಷ್ಟು ಹೆಚ್ಚುಕಡಿಮೆ ಆಗುತ್ತದೆ.

ಐರ್ಲೆಂಡಿನಲ್ಲಿ ಗರ್ಭಪಾತವಾಗಿದೆ ಎಂದು ತಪ್ಪಾಗಿ ಹೇಳಿದ ಪ್ರಕರಣಗಳು ಬೆಳಕಿಗೆ ಬಂದು ರಾಷ್ಟ್ರಮಟ್ಟದ ಪರಿಶೀಲನೆಯೇ ನಡೆಯಿತು. 2011ರಲ್ಲಿ ಬಂದ ಅದರ ವರದಿಯಲ್ಲಿ ಅಂಥ 24 ಪ್ರಕರಣಗಳಿದ್ದವು. ಮರುವರ್ಷ ಅಮೆರಿಕದ ಅಲ್ಟ್ರಾಸೌಂಡ್ ರೇಡಿಯಾಲಜಿಸ್ಟರ ಸಂಘ ತಜ್ಞರನ್ನು ಕೂಡಿಸಿತು. ಅವರು ಒಪ್ಪಿದ ನಿಯಮಗಳು 2013ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದವು. ಒಳಗಿನ ಸ್ಕ್ಯಾನಿನಲ್ಲಿ ಸರಾಸರಿ 25 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡ ಚೀಲವಿದ್ದು ಭ್ರೂಣವಿಲ್ಲದಿದ್ದರೆ ಮಾತ್ರ ಒಂದೇ ಸ್ಕ್ಯಾನಿನಲ್ಲಿ ತೀರ್ಮಾನಿಸಬಹುದು. 16ರಿಂದ 24ರ ನಡುವೆ ಇದ್ದರೆ ಅನುಮಾನ ಅಷ್ಟೇ, ಮರುಸ್ಕ್ಯಾನ್ ಬೇಕು. ಮೊದಲ ಸಲ ಉಂಗುರವೂ ಇಲ್ಲದ ಖಾಲಿ ಚೀಲ ಕಂಡಿದ್ದರೆ ಕನಿಷ್ಠ 14 ದಿನ, ಉಂಗುರ ಕಂಡಿದ್ದರೆ ಕನಿಷ್ಠ 11 ದಿನ ಕಳೆದ ಮೇಲೂ ಎದೆಬಡಿತವಿರುವ ಭ್ರೂಣ ಕಾಣದಿದ್ದರೆ ಆಗ ಖಚಿತ. ಭಾರತದಲ್ಲೂ ಎಚ್ಚರದ ವೈದ್ಯರು ಪಾಲಿಸುವುದು ಇದನ್ನೇ. ಮೂರು ದಿನ ಬಿಟ್ಟು ಬಾ ಎಂದು ಕರೆಸಿ, ಚೀಲ ಮೂರು ಮಿಲಿಮೀಟರ್ ಬೆಳೆದಿಲ್ಲ, ಆದ್ದರಿಂದ ಕೆಟ್ಟಿದೆ ಎನ್ನುವುದು ಸರಿಯಲ್ಲ. ಒಳ್ಳೆಯ ಬಸಿರಿನ ಚೀಲವೂ ಕೆಲವು ದಿನ ನಿಧಾನ ಬೆಳೆಯುವುದುಂಟು.

ಎರಡನೇ ಸಲ ಹೋಗುವಾಗ ಮೊದಲ ವರದಿ, ಮೊದಲ ಚಿತ್ರ ಕೈಯಲ್ಲಿರಲಿ. ಬೇರೆ ಕೇಂದ್ರಕ್ಕೆ ಹೋದರಂತೂ ಅದಿಲ್ಲದೆ 14 ದಿನದ ನಿಯಮವನ್ನು ಬಳಸುವುದೇ ಆಗುವುದಿಲ್ಲ, ಮತ್ತೆ ಒಂದರಿಂದ ಎಣಿಸಬೇಕಾಗುತ್ತದೆ.

ಕಾಯುವಾಗ ಒಂದು ಎಚ್ಚರಿಕೆ ಇದೆ, ಅದನ್ನು ಹೇಳದೆ ಬಿಡಲಾಗದು. ಗರ್ಭಕೋಶದ ನಡುವೆ ಕಂಡ ಕಪ್ಪು ಮಚ್ಚೆ ನಿಜವಾದ ಗರ್ಭಚೀಲವಲ್ಲದೆ ಬರೀ ನೀರು ನಿಂತದ್ದಿರಬಹುದು, ಬಸಿರು ನಾಳದಲ್ಲಿ ಕೂತಿರಬಹುದು. ಇದು ಅಪರೂಪ, ಆದರೆ ಪ್ರಾಣಕ್ಕೆ ಅಪಾಯ. ಉಂಗುರವೋ ಭ್ರೂಣವೋ ಕಾಣುವವರೆಗೆ ಈ ಸಾಧ್ಯತೆ ಪೂರ್ತಿ ಹೋಗುವುದಿಲ್ಲ. ಕಾಯುವ ದಿನಗಳಲ್ಲಿ ಹೊಟ್ಟೆಯ ಒಂದು ಬದಿಗೆ ಜೋರು ನೋವು ಬಂದರೆ, ಹೆಗಲ ತುದಿಯಲ್ಲಿ ನೋವು ಬಂದರೆ, ಕಣ್ಣು ಕತ್ತಲಿಟ್ಟು ಬಿದ್ದರೆ, ಮರುಸ್ಕ್ಯಾನಿನ ತಾರೀಖು ನೋಡುತ್ತ ಕೂರದೆ 108ಕ್ಕೆ ಕರೆ ಮಾಡಿ ಧಾರವಾಡದ ಜಿಲ್ಲಾಸ್ಪತ್ರೆಯನ್ನೋ ಹುಬ್ಬಳ್ಳಿಯ ಕಿಮ್ಸ್ ಅನ್ನೋ ಮುಟ್ಟಬೇಕು.

ಈಗ, ಕೂಸಿಲ್ಲದಿದ್ದರೂ ವಾಕರಿಕೆ ಯಾಕೆ? ಎಲ್ಲ ಮನೆಯಲ್ಲೂ ಈ ಪ್ರಶ್ನೆ ಬರುತ್ತದೆ, ವರದಿಯನ್ನು ನಂಬದಿರುವುದಕ್ಕೂ ಇದೇ ಕಾರಣವಾಗುತ್ತದೆ. ಅಂಡ ಫಲಿಸಿ ಐದಾರು ದಿನಕ್ಕೆ ಅದು ಒಂದು ಟೊಳ್ಳು ಗುಂಡಾಗಿರುತ್ತದೆ. ಹೊರಗಿನ ಕೋಶಗಳು ಚೀಲ ಮತ್ತು ಮಾಸು ಆಗುತ್ತವೆ, ಒಳಗೆ ಒಂದು ಮೂಲೆಗೆ ಅಂಟಿದ ಕೋಶಗಳ ಗುಂಪು ಕೂಸಾಗುತ್ತದೆ. ಒಳಗಿನ ಗುಂಪು ಬೆಳೆಯದೆ ನಿಂತರೂ, ಅಥವಾ ಕಣ್ಣಿಗೆ ಕಾಣುವ ಮುಂಚೆಯೇ ಕರಗಿಹೋದರೂ, ಹೊರಗಿನವು ಕೆಲವು ವಾರ ತಮ್ಮ ಪಾಡಿಗೆ ಬೆಳೆಯುತ್ತಿರುತ್ತವೆ. ಬಸಿರಿನ ಪಟ್ಟಿಯಲ್ಲಿ ಗೆರೆ ಮೂಡಿಸುವ ಎಚ್‌ಸಿಜಿ ಹಾರ್ಮೋನನ್ನು ಸ್ರವಿಸುವುದು ಆ ಹೊರಗಿನ ಕೋಶಗಳೇ. ಆದ್ದರಿಂದ ಗೆರೆಯೂ ಸುಳ್ಳಲ್ಲ, ವಾಕರಿಕೆಯೂ ಸುಳ್ಳಲ್ಲ. ದಿನ ಕಳೆದಂತೆ ಹಾರ್ಮೋನು ಇಳಿಯುತ್ತದೆ, ಎದೆಯ ಬಿಗಿ ಸಡಿಲಾಗುತ್ತದೆ, ಕಂದು ಬಣ್ಣದ ಕಲೆ ಕಾಣಿಸುತ್ತದೆ. ಕೆಲವರಿಗೆ ಅದ್ಯಾವುದೂ ಆಗದೆ 10, 11 ವಾರದವರೆಗೂ ಎಲ್ಲ ಸರಿಯಿದ್ದಂತೆಯೇ ಇರುತ್ತದೆ.

ಒಳಗಿನ ಗುಂಪು ನಿಲ್ಲುವುದಕ್ಕೆ ಅತಿ ಸಾಮಾನ್ಯ ಕಾರಣ ಕ್ರೋಮೋಸೋಮುಗಳ ಎಣಿಕೆ ತಪ್ಪುವುದು. ತಾಯಿಯಿಂದ 23, ತಂದೆಯಿಂದ 23 ಬರಬೇಕು. ಅಂಡ ತಯಾರಾಗುವಾಗಲೋ, ಅಪರೂಪಕ್ಕೆ ವೀರ್ಯಾಣು ತಯಾರಾಗುವಾಗಲೋ, ಒಂದು ಹೆಚ್ಚಾಗಿಯೋ ಕಡಿಮೆಯಾಗಿಯೋ ಹೋದರೆ ಬೆಳವಣಿಗೆ ಮುಂದುವರಿಯುವುದಿಲ್ಲ. ಮೊದಲ ಮೂರು ತಿಂಗಳ ಗರ್ಭಪಾತಗಳಲ್ಲಿ ಸುಮಾರು ಅರ್ಧಕ್ಕೆ ಇದೇ ಕಾರಣ. ತಾಯಿಯ ವಯಸ್ಸು ಏರಿದಂತೆ ಈ ತಪ್ಪು ಹೆಚ್ಚುತ್ತದೆ, ಆದರೆ ಇಪ್ಪತ್ತರ ಹರೆಯದಲ್ಲೂ ಆಗುತ್ತದೆ. ಹೊಲದಲ್ಲಿ ಕಳೆ ತೆಗೆದದ್ದು, ಬೈಕಿನ ಹಿಂದೆ ಕೂತು ಬಂದದ್ದು, ಪಪ್ಪಾಯಿ ತಿಂದದ್ದು, ಗ್ರಹಣದ ದಿನ ಹೊರಗೆ ಹೋದದ್ದು ಇವ್ಯಾವುವೂ ಆ ಎಣಿಕೆಯನ್ನು ಬದಲಿಸಲಾರವು. ಪಟ್ಟಿ ಹಾಕಿ ನೋಡುವ ಮುಂಚೆಯೇ ಅದು ತಪ್ಪಿಯಾಗಿರುತ್ತದೆ.

ನಮ್ಮ ಭಾಗದಲ್ಲಿ ಇನ್ನೊಂದು ಪ್ರಶ್ನೆ ಮೆಲ್ಲಗೆ ಬರುತ್ತದೆ: “ಸ್ವಾದರ ಮಾವಗ ಕೊಟ್ಟಿದ್ದಕ್ಕ ಹಿಂಗಾತೇನ್ರಿ?” ರಕ್ತಸಂಬಂಧದ ಮದುವೆಯಿಂದ ಕೆಲವು ವಂಶವಾಹಿ ರೋಗಗಳ ಸಾಧ್ಯತೆ ಹೆಚ್ಚುವುದು ನಿಜ. ಇಬ್ಬರಲ್ಲೂ ಅಡಗಿರುವ ಒಂದೇ ದೋಷವುಳ್ಳ ಜೀನ್ ಮಗುವಿನಲ್ಲಿ ಜೋಡಿಯಾಗುವುದು ಅಲ್ಲಿಯ ತೊಂದರೆ. ಕ್ರೋಮೋಸೋಮಿನ ಎಣಿಕೆ ತಪ್ಪುವುದು ಬೇರೆಯೇ ಘಟನೆ. ದಂಪತಿ ಬಂಧುಗಳಾಗಿದ್ದರೂ ಪರಕೀಯರಾಗಿದ್ದರೂ ಅದು ಆಗುತ್ತದೆ. ಒಂದು ಖಾಲಿ ಚೀಲ ಕಂಡಿತೆಂದು ಮದುವೆಯನ್ನು ದೂರುವುದಕ್ಕೆ ಆಧಾರವಿಲ್ಲ.

ಖಚಿತವಾದ ಮೇಲೆ ಮೂರು ದಾರಿ. ಬಸಿರು ಉಳಿಸಲು ಕೊಡುವ ಹಾರ್ಮೋನಿನ ಗುಳಿಗೆ, ಚುಚ್ಚುಮದ್ದು ಆ ಮೂರರಲ್ಲಿ ಇಲ್ಲ, ಏಕೆಂದರೆ ಉಳಿಸಲು ಅಲ್ಲಿ ಭ್ರೂಣವಿಲ್ಲ. ಖಚಿತವಾದ ನಂತರವೂ ಅವನ್ನು ಬರೆದುಕೊಟ್ಟರೆ ಯಾಕೆ ಎಂದು ಕೇಳಬೇಕು.

ಮೊದಲನೆಯದು ತಾನಾಗಿ ಬೀಳಲು ಬಿಡುವುದು. ಕೆಲವು ವಾರ ಹಿಡಿಯಬಹುದು, ಖಾಲಿ ಚೀಲದ ವಿಷಯದಲ್ಲಿ ಮೂವರಲ್ಲಿ ಒಬ್ಬರಿಗೆ ಕಡೆಗೆ ಬೇರೆ ಉಪಾಯವೇ ಬೇಕಾಗಬಹುದು. ಜ್ವರ, ದುರ್ವಾಸನೆ, ಅತಿ ರಕ್ತಸ್ರಾವ ಇಲ್ಲದಿದ್ದರೆ ಹೀಗೆ ಕಾಯುವುದರಿಂದ ನಂಜು ಏರುವುದಿಲ್ಲ. ಎರಡನೆಯದು ಗುಳಿಗೆ. ಮಿಸೊಪ್ರೊಸ್ಟಾಲ್ 800 ಮೈಕ್ರೊಗ್ರಾಂ ಯೋನಿಯಲ್ಲಿ ಇಡುತ್ತಾರೆ; ಅದಕ್ಕೆ ಒಂದು ದಿನ ಮುಂಚೆ ಮಿಫೆಪ್ರಿಸ್ಟೋನ್ 200 ಮಿಲಿಗ್ರಾಂ ನುಂಗಿಸಿದರೆ ಮೊದಲ ಸಲವೇ ಪೂರ್ತಿ ಬೀಳುವುದು ಹೆಚ್ಚು ಎಂದು 2018ರ ಒಂದು ದೊಡ್ಡ ಪರೀಕ್ಷೆ ತೋರಿಸಿತು. ಕೆಲವು ತಾಸು ಹೆರಿಗೆ ನೋವಿನಂತೆ ಹೊಟ್ಟೆ ಹಿಂಡುತ್ತದೆ, ಮುಟ್ಟಿಗಿಂತ ಹೆಚ್ಚು ರಕ್ತ ಹೋಗುತ್ತದೆ, ಗಡ್ಡೆಗಳು ಬೀಳುತ್ತವೆ. ತಾಸಿಗೆ ಎರಡು ಪ್ಯಾಡಿನಂತೆ ಎರಡು ತಾಸು ಬಿಡದೆ ತೊಯ್ದರೆ ಆಸ್ಪತ್ರೆಗೆ ಹೊರಡಬೇಕು. ಹಾಗಾಗಿ ಮನೆಯಲ್ಲಿ ಒಬ್ಬರು ಜೊತೆಗಿರಬೇಕು, ಹೊರಡಲು ಗಾಡಿ ಇರಬೇಕು. ಇದೇ ಗುಳಿಗೆಯನ್ನು ಯಾರಿಗೂ ತೋರಿಸದೆ ಮೆಡಿಕಲ್ ಅಂಗಡಿಯಿಂದ ತಂದು ನುಂಗುವವರಿದ್ದಾರೆ. ಬಸಿರು ನಾಳದಲ್ಲಿದ್ದರೆ ಆ ಗುಳಿಗೆ ಅದನ್ನು ತೆಗೆಯುವುದಿಲ್ಲ, ಹೊಟ್ಟೆನೋವನ್ನು ಗುಳಿಗೆಯ ಲೆಕ್ಕಕ್ಕೆ ಹಾಕಿ ನಾಳ ಒಡೆಯುವವರೆಗೆ ಮನೆಯಲ್ಲೇ ಉಳಿಯುತ್ತಾರೆ.

ಮೂರನೆಯದು ‘ಕ್ಲೀನ್ ಮಾಡುವುದು’. ಇದರಲ್ಲೂ ಎರಡು ಬಗೆ ಇವೆ ಎಂಬುದು ಹೆಚ್ಚಿನವರಿಗೆ ತಿಳಿಯದು. ಲೋಹದ ಉಪಕರಣದಿಂದ ಕೆರೆಯುವ ಹಳೆಯ ಡಿ ಆಂಡ್ ಸಿ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತ ಬಂದಿದೆ. ಅತಿಯಾಗಿ ಕೆರೆದರೆ ಗರ್ಭಕೋಶದ ಗೋಡೆಗಳು ಒಂದಕ್ಕೊಂದು ಅಂಟಿ ಮುಂದೆ ಮುಟ್ಟೇ ಕಡಿಮೆಯಾಗಬಹುದು, ಬಸಿರು ನಿಲ್ಲದಿರಬಹುದು. ಪ್ಲಾಸ್ಟಿಕ್ ನಳಿಕೆ ಮತ್ತು ಕೈ ಸಿರಿಂಜಿನಿಂದ ಹೀರಿ ತೆಗೆಯುವ ಎಂವಿಎ ಅದಕ್ಕಿಂತ ಸುರಕ್ಷಿತ. ಪೂರ್ತಿ ಅರಿವಳಿಕೆಯೂ ಬೇಕಿಲ್ಲ, ಅದೇ ದಿನ ಮನೆಗೆ ಹೋಗಬಹುದು. “ಕೆರೀತೀರೋ, ಹೀರತೀರೋ?” ಎಂದು ನೇರವಾಗಿ ಕೇಳಿದರೆ ಯಾವ ವೈದ್ಯರೂ ಸಿಟ್ಟಾಗಬಾರದು. ಹೀರಿ ತೆಗೆದದ್ದನ್ನು ಪ್ರಯೋಗಾಲಯಕ್ಕೆ ಕಳಿಸುವುದು ಒಳ್ಳೆಯದು, ಮಾಸು ದ್ರಾಕ್ಷಿಗೊಂಚಲಿನಂತೆ ಬೆಳೆಯುವ ಮುತ್ತುಗರ್ಭ ಕೆಲವೊಮ್ಮೆ ಆರಂಭದಲ್ಲಿ ಬರೀ ಖಾಲಿ ಚೀಲದಂತೆ ಕಾಣುತ್ತದೆ.

ರಕ್ತದ ಗುಂಪು ನೆಗೆಟಿವ್ ಇದ್ದವರು ಆಂಟಿ-ಡಿ ಚುಚ್ಚುಮದ್ದಿನ ಬಗ್ಗೆ ವಿಚಾರಿಸಬೇಕು. 12 ವಾರದೊಳಗಿನ ಗರ್ಭಪಾತಕ್ಕೆ ಅದು ಬೇಡ ಎಂದು 2022ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳಿದರೂ ನಮ್ಮಲ್ಲಿ ಬಹಳಷ್ಟು ವೈದ್ಯರು ಈಗಲೂ ಕೊಡುತ್ತಾರೆ, ಕೊಟ್ಟರೆ ಕೆಡುಕಿಲ್ಲ. ಗುಳಿಗೆ ತೆಗೆದುಕೊಂಡವರು ಮೂರು ವಾರದ ನಂತರ ಮತ್ತೊಮ್ಮೆ ಪಟ್ಟಿ ಹಾಕಿ ನೋಡಬೇಕು. ಆಗಲೂ ಎರಡು ಗೆರೆ ಬಂದರೆ ಏನೋ ಉಳಿದಿರಬಹುದು, ತೋರಿಸಬೇಕು.

ಒಮ್ಮೆ ಹೀಗಾದವರಲ್ಲಿ ಹೆಚ್ಚಿನವರಿಗೆ ಮುಂದಿನ ಬಸಿರು ಸರಿಯಾಗಿಯೇ ನಿಲ್ಲುತ್ತದೆ. ಅವರಿಗೆ ದುಬಾರಿ ರಕ್ತಪರೀಕ್ಷೆಗಳ ಉದ್ದ ಪಟ್ಟಿ ಬೇಕಿಲ್ಲ. ಎರಡು-ಮೂರು ಸಲ ಹೋದರೆ ಆಗ ದಂಪತಿಯ ಕ್ರೋಮೋಸೋಮು, ಥೈರಾಯ್ಡ್, ರಕ್ತ ಹೆಪ್ಪುಗಟ್ಟಿಸುವ ಪ್ರತಿಕಾಯಗಳು, ಗರ್ಭಕೋಶದ ಆಕಾರ ನೋಡಿಸುವುದರಲ್ಲಿ ಅರ್ಥವಿದೆ. ದೇಹ ಎರಡರಿಂದ ನಾಲ್ಕು ವಾರದಲ್ಲೇ ಮತ್ತೆ ಅಂಡ ಬಿಡುಗಡೆ ಮಾಡಬಲ್ಲದು, ಆದ್ದರಿಂದ ಸದ್ಯಕ್ಕೆ ಬೇಡವೆನ್ನುವವರು ಗರ್ಭನಿರೋಧಕವನ್ನು ಕೂಡಲೇ ಶುರುಮಾಡಬೇಕು. ಬೇಕೆನ್ನುವವರು ಒಂದು ಮುಟ್ಟು ಆಗಲು ಬಿಟ್ಟರೆ ಅನುಕೂಲ. ಮುಂದಿನ ಸಲ ದಿನ ಎಣಿಸಲು ಒಂದು ತಾರೀಖು ಕೈಯಲ್ಲಿರುತ್ತದೆ. ಆ ಬಸಿರಿನಲ್ಲಿ ಆತಂಕಕ್ಕೆ 5ನೇ ವಾರವೇ ಸ್ಕ್ಯಾನಿಗೆ ಓಡಿದರೆ ಮತ್ತೆ ಖಾಲಿ ಚೀಲವೇ ಕಂಡು ಮತ್ತೆ ಎರಡು ವಾರ ನಿದ್ದೆಗೆಡಬೇಕಾಗುತ್ತದೆ. ನೋವು, ರಕ್ತ ಇಲ್ಲದಿದ್ದರೆ 7 ವಾರ ತುಂಬಿದ ಮೇಲೆ ಹೋಗುವುದು ಮೇಲು.